ಪುಕ್ಕಟೆ ಕೊಟ್ಟವರಿಗೆ ಲಾಭ ಎಲ್ಲಿಂದ? ಅಗ್ಗದ ಸಕ್ಕರೆ, ಫ್ರೀ ಸಿಮ್ ಮತ್ತು ಒಂದು ರೂಪಾಯಿ ಟ್ರಯಲ್‌ನ ಲೆಕ್ಕ

‘ಸಕ್ಕರೆ ಕೆಜಿಗೆ ಬರೀ 29 ರೂಪಾಯಿ, ಇವತ್ತೊಂದೇ ದಿನ’, ‘ಒಂದು ರೂಪಾಯಿಗೆ ಏಳು ದಿನ ಎಲ್ಲ ಸಿನಿಮಾ’, ‘ಮೂರು ತಿಂಗಳು ಉಚಿತ ರೀಚಾರ್ಜ್, ಕೂಡಲೇ ಹತ್ತು ಗ್ರೂಪಿಗೆ ಕಳಿಸಿ’. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಇಂಥ ಮೆಸೇಜು ನೋಡದವರು ಕಡಿಮೆ. ಇವುಗಳ ಬಗ್ಗೆ ಜನರಲ್ಲಿ ಎರಡು ನಂಬಿಕೆಗಳಿವೆ. ಒಂದು, ‘ಅಂಗಡಿಯವನಿಗೆ ಸರಕು ಉಳಿದಿದೆ, ನಷ್ಟಕ್ಕೆ ಹಾಕುತ್ತಿದ್ದಾನೆ, ನಮಗೆ ಲಾಭ’. ಇನ್ನೊಂದು, ‘ಪುಕ್ಕಟೆ ಅಂದ ಮೇಲೆ ಅದು ಮೋಸವೇ’.

ಎರಡೂ ಪೂರ್ತಿ ಸರಿಯಲ್ಲ. ಮೊದಲ ಎರಡು ಮೆಸೇಜು ನಿಜವಾದ ವ್ಯಾಪಾರದ ಲೆಕ್ಕಾಚಾರದಿಂದ ಹುಟ್ಟಿದವು. ಮೂರನೆಯದು ಹೆಚ್ಚಾಗಿ ಬರೀ ಬಲೆ. ಇವುಗಳನ್ನು ಬೇರೆ ಮಾಡಿ ನೋಡಲು ಒಂದೇ ಪ್ರಶ್ನೆ ಸಾಕು: ಈ ಪುಕ್ಕಟೆಯ ಹಣ ಯಾರ ಜೇಬಿನಿಂದ, ಯಾವಾಗ ಬರುತ್ತದೆ?

ಕೊಸರಿಗೂ ಇದಕ್ಕೂ ಏನು ವ್ಯತ್ಯಾಸ?

ಸಂತೆಯಲ್ಲಿ ತರಕಾರಿ ತೂಗಿದ ಮೇಲೆ ಒಂದು ಹಿಡಿ ಕೊತ್ತಂಬರಿ, ನಾಲ್ಕು ಮೆಣಸಿನಕಾಯಿ ‘ಕೊಸರು’ ಹಾಕುವುದು ಹಳೆಯ ಪದ್ಧತಿ. ಇಂಡಿಯ ನಿಂಬೆಹಣ್ಣು ಕೊಳ್ಳುವಾಗ ಡಜನ್ ಮೇಲೆ ಒಂದು ಕೇಳಿ ಪಡೆಯುವುದೂ ಅದೇ. ಇಲ್ಲಿ ಲೆಕ್ಕ ಅಲ್ಲೇ ಮುಗಿಯುತ್ತದೆ. ನೀವು ಕೊಟ್ಟ ದುಡ್ಡಿನಲ್ಲೇ ಕೊಸರಿನ ಖರ್ಚು ಸೇರಿರುತ್ತದೆ, ಮಾರುವವರಿಗೆ ಆ ವ್ಯಾಪಾರದಲ್ಲಿ ನಷ್ಟವಿಲ್ಲ.

ಸಕ್ಕರೆಯ ಆಫರ್ ಹಾಗಲ್ಲ. ಅಲ್ಲಿ ಆ ಒಂದು ಸರಕನ್ನು ಕೊಂಡ ಬೆಲೆಗಿಂತಲೂ ಕಡಿಮೆಗೆ ಮಾರಿ, ನಷ್ಟವನ್ನು ಬೇರೆ ಸರಕಿನಲ್ಲಿ ತುಂಬಿಕೊಳ್ಳುತ್ತಾರೆ. ಇದಕ್ಕೆ ವ್ಯಾಪಾರದ ಭಾಷೆಯಲ್ಲಿ ‘ಲಾಸ್ ಲೀಡರ್’ ಎನ್ನುತ್ತಾರೆ, ಅಂದರೆ ತಾನು ನಷ್ಟ ತಿಂದು ಗಿರಾಕಿಯನ್ನು ಅಂಗಡಿಯೊಳಗೆ ಕರೆತರುವ ಸರಕು. ಫ್ರೀ ಟ್ರಯಲ್ ಇದರ ತಮ್ಮನಿದ್ದಂತೆ. ಅಲ್ಲಿ ನಷ್ಟ ತುಂಬುವುದು ಬೇರೆ ಸರಕಲ್ಲ, ಮುಂದಿನ ತಿಂಗಳ ನೀವೇ.

29 ರೂಪಾಯಿ ಸಕ್ಕರೆಯ ಲೆಕ್ಕ

ತಿಳಿಯಲಿಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. ವಿಜಯಪುರದ ಒಂದು ದೊಡ್ಡ ಮಾರ್ಟಿಗೆ ಸಕ್ಕರೆ ಕೆಜಿಗೆ 41 ರೂಪಾಯಿಗೆ ಬಿದ್ದಿದೆ ಎನ್ನಿ. ಊರಿನ ಕಿರಾಣಿ ಅಂಗಡಿಯಲ್ಲಿ ಅದರ ಬೆಲೆ 44. ಮಾರ್ಟು 29ಕ್ಕೆ ಮಾರಿದರೆ ಕೆಜಿಗೆ 12 ರೂಪಾಯಿ ನಷ್ಟ.

ಆದರೆ ಇಂಡಿಯಿಂದ ವಿಜಯಪುರದವರೆಗೆ ಹೋದವರು ಒಂದು ಕೆಜಿ ಸಕ್ಕರೆ ಹಿಡಿದುಕೊಂಡು ವಾಪಸ್ ಬರುವುದಿಲ್ಲ. ಸಾಬೂನು, ಬಿಸ್ಕತ್ತು, ಮಸಾಲೆ ಪುಡಿ, ಮಕ್ಕಳಿಗೊಂದು ಅಂಗಿ ಎಂದು 1,000 ರೂಪಾಯಿ ಸಾಮಾನು ಕೊಳ್ಳುತ್ತಾರೆ. ಅದರಲ್ಲಿ ಮಾರ್ಟಿಗೆ ಸರಾಸರಿ ನೂರಕ್ಕೆ 15 ಉಳಿದರೆ 150 ರೂಪಾಯಿ. ಸಕ್ಕರೆಯ 12 ಕಳೆದರೂ ಆ ಗಿರಾಕಿಯಿಂದ 138 ರೂಪಾಯಿ ಸಿಕ್ಕಿತು.

ಹತ್ತು ಜನರಲ್ಲಿ ಏಳು ಜನ ಹೀಗೆ ಕೊಂಡು, ಮೂರು ಜನ ಬರೀ ಸಕ್ಕರೆ ಒಯ್ದರು ಎನ್ನೋಣ. ಏಳು ಜನರಿಂದ 966 ರೂಪಾಯಿ ಬಂತು, ಮೂವರಿಂದ 36 ರೂಪಾಯಿ ಹೋಯಿತು. ಬಾಡಿಗೆ, ಸಂಬಳ ಕಳೆಯುವ ಮೊದಲು 930 ರೂಪಾಯಿ ಉಳಿಯಿತು. ಅದೇ ಏಳು ಜನ ಬರೀ ಸಕ್ಕರೆ ಒಯ್ದು ಮೂರು ಜನ ಮಾತ್ರ ಬೇರೆ ಸಾಮಾನು ಕೊಂಡಿದ್ದರೆ ಉಳಿಯುತ್ತಿದ್ದುದು 330 ಮಾತ್ರ. ಹಾಗಾಗಿ ಬರೀ ಸಕ್ಕರೆ ಒಯ್ಯುವ ಗಿರಾಕಿಯೇ ಮಾರ್ಟಿನ ಭಯ. ‘ಒಂದು ಬಿಲ್ಲಿಗೆ ಒಂದೇ ಕೆಜಿ’, ‘999 ರೂಪಾಯಿ ಮೇಲಿನ ಖರೀದಿಗೆ ಮಾತ್ರ’ ಎಂಬ ಸಣ್ಣ ಅಕ್ಷರದ ಷರತ್ತು ಬರುವುದು ಇದಕ್ಕೇ. ಇಂಥ ಷರತ್ತು ಕಂಡರೆ ಆ ಸರಕು ನಷ್ಟಕ್ಕೆ ಹೋಗುತ್ತಿರಬಹುದು ಎಂದು ತಿಳಿಯಬಹುದು. ಉಳಿದ ಸರಕನ್ನು ಖಾಲಿ ಮಾಡುವವರು ‘ಒಂದೇ ಕೆಜಿ’ ಎನ್ನುವುದಿಲ್ಲ, ‘ಎಷ್ಟು ಬೇಕಾದರೂ ಒಯ್ಯಿರಿ’ ಎನ್ನುತ್ತಾರೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪ್ಯಾಕೆಟ್ ಸಾಮಾನನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವಂತಿಲ್ಲ, ಹಾಗಿದ್ದರೆ ಬೇರೆ ಸರಕಿನಲ್ಲಿ ತುಂಬಿಕೊಳ್ಳುವುದು ಹೇಗೆ? ಬೆಲೆ ಏರಿಸಿ ಅಲ್ಲ, ಆಯ್ಕೆಯಿಂದ. ಸಕ್ಕರೆ, ಎಣ್ಣೆ, ತೊಗರಿಬೇಳೆಯ ಬೆಲೆ ಮನೆಮಂದಿಗೆಲ್ಲ ಬಾಯಿಪಾಠ. ಅವುಗಳಲ್ಲಿ ಉಳಿಯುವ ಲಾಭವೂ ಕಡಿಮೆ. ಪ್ಲಾಸ್ಟಿಕ್ ಬಕೆಟ್, ಬಟ್ಟೆ, ಒಣಹಣ್ಣು, ಮಾರ್ಟಿನ ಸ್ವಂತ ಹೆಸರಿನ ಪ್ಯಾಕೆಟ್‌ಗಳ ‘ಸರಿಯಾದ ಬೆಲೆ’ ಎಷ್ಟೆಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಲಾಭ ಹೆಚ್ಚು ಇರುವುದೂ ಅಲ್ಲೇ. ಗೊತ್ತಿರುವ ಬೆಲೆಯಲ್ಲಿ ಅಗ್ಗ ತೋರಿಸಿದರೆ ‘ಇಡೀ ಅಂಗಡಿಯೇ ಅಗ್ಗ’ ಎಂಬ ಭಾವನೆ ಬರುತ್ತದೆ. ಮಾರ್ಟು ಕೊಂಡುಕೊಳ್ಳುತ್ತಿರುವುದು ಆ ಭಾವನೆಯನ್ನು, ಕೆಜಿಗೆ 12 ರೂಪಾಯಿ ಕೊಟ್ಟು.

ಗಿರಾಕಿಯ ಕಡೆಯ ಲೆಕ್ಕ ಸರಳ. ಸಕ್ಕರೆಯಲ್ಲಿ ಉಳಿದದ್ದು 15 ರೂಪಾಯಿ. ಬಸ್ ಚಾರ್ಜು ಕೊಟ್ಟು ಹೋದವರಿಗೆ ಅದು ಅಲ್ಲೇ ಮುಗಿಯಿತು. (2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತವಾಗಿದೆ. ಆದರೆ ಅದು ವ್ಯಾಪಾರದ ಪುಕ್ಕಟೆ ಅಲ್ಲ, ಆ ಟಿಕೆಟ್ಟಿನ ಹಣ ಸರ್ಕಾರದ ಬೊಕ್ಕಸದಿಂದ ಸಾರಿಗೆ ನಿಗಮಕ್ಕೆ ಹೋಗುತ್ತದೆ.) ಮನೆಯಿಂದ ಬರೆದುಕೊಂಡು ಹೋದ ಚೀಟಿಯಲ್ಲಿ ಇದ್ದದ್ದನ್ನೇ ಕೊಂಡರೆ ಆಫರ್ ನಿಮಗೆ ಲಾಭ. ಚೀಟಿಯಲ್ಲಿ ಇಲ್ಲದ 199 ರೂಪಾಯಿಯ ಒಂದು ಬಕೆಟ್ ಬುಟ್ಟಿಗೆ ಬಿದ್ದರೆ ಲಾಭ ಮಾರ್ಟಿನದು.

ಎಲ್ಲರೂ ಕಂಡ ಪುಕ್ಕಟೆ: 2016ರ ಜಿಯೊ ಸಿಮ್

ಇದೇ ವಿದ್ಯೆಯನ್ನು ಇಡೀ ದೇಶಕ್ಕೆ ಒಮ್ಮೆಲೇ ಮಾಡಿ ತೋರಿಸಿದ್ದು ರಿಲಯನ್ಸ್ ಜಿಯೊ. 2016ರ ಸೆಪ್ಟೆಂಬರ್ 5ರಂದು ಸೇವೆ ಶುರುವಾಯಿತು. ‘ವೆಲ್‌ಕಮ್ ಆಫರ್’ ಹೆಸರಿನಲ್ಲಿ ಮಾತು, ಡೇಟಾ ಎರಡೂ ಡಿಸೆಂಬರ್ ಕೊನೆಯವರೆಗೆ ಉಚಿತ. ಆಮೇಲೆ ‘ಹ್ಯಾಪಿ ನ್ಯೂ ಇಯರ್ ಆಫರ್’ ಎಂದು 2017ರ ಮಾರ್ಚ್ 31ರವರೆಗೆ ಮುಂದುವರಿಯಿತು. ಆಗ 1 ಜಿಬಿ ಡೇಟಾಗೆ 200 ರೂಪಾಯಿಗಿಂತ ಹೆಚ್ಚು ಕೊಡುವುದು ಸಾಮಾನ್ಯವಾಗಿತ್ತು. 2017ರ ಫೆಬ್ರವರಿಗೆ ಜಿಯೊ ಗ್ರಾಹಕರ ಸಂಖ್ಯೆ 10 ಕೋಟಿ ದಾಟಿತು.

ಇಷ್ಟು ಜನಕ್ಕೆ ಏಳು ತಿಂಗಳು ಪುಕ್ಕಟೆ ಕೊಟ್ಟರೂ ಕಂಪನಿ ಮುಳುಗಲಿಲ್ಲ ಏಕೆ? ಸಕ್ಕರೆಗೂ ಡೇಟಾಗೂ ಇರುವ ವ್ಯತ್ಯಾಸದಲ್ಲಿ ಉತ್ತರವಿದೆ. ಸಕ್ಕರೆಯ ಪ್ರತಿ ಕೆಜಿಯನ್ನೂ ಮತ್ತೆ ದುಡ್ಡು ಕೊಟ್ಟು ತರಬೇಕು. ಮೊಬೈಲ್ ನೆಟ್‌ವರ್ಕ್‌ನಲ್ಲಿ ದೊಡ್ಡ ಖರ್ಚೆಲ್ಲ ಮೊದಲೇ ಆಗಿರುತ್ತದೆ: ಟವರ್, ನೆಲದಡಿಯ ಕೇಬಲ್, ಸರ್ಕಾರದಿಂದ ಹರಾಜಿನಲ್ಲಿ ಕೊಂಡ ತರಂಗಾಂತರ. ಸಿಂದಗಿಯ ಒಂದು ಟವರ್ ಹತ್ತು ಜನಕ್ಕೆ ಕೆಲಸ ಮಾಡಿದರೂ ನೂರು ಜನಕ್ಕೆ ಮಾಡಿದರೂ ಅದರ ಖರ್ಚು ಬಹುಪಾಲು ಅಷ್ಟೇ. ಖಾಲಿ ಬಸ್ಸಿಗೆ ಜನರನ್ನು ಹತ್ತಿಸಿಕೊಂಡಂತೆ. ಹಾಗಾಗಿ ಇನ್ನೊಬ್ಬ ಗ್ರಾಹಕನಿಗೆ ಪುಕ್ಕಟೆ ಕೊಡುವುದು ಕಂಪನಿಗೆ ಅಷ್ಟು ಭಾರವಲ್ಲ, ಅವನು ಆಮೇಲೆ ಉಳಿದುಕೊಂಡರೆ ಬರುವ ಹಣ ಮಾತ್ರ ದೊಡ್ಡದು.

ಉಳಿಸಿಕೊಳ್ಳುವ ಹೆಜ್ಜೆ 2017ರ ಏಪ್ರಿಲ್‌ನಿಂದ ಶುರುವಾಯಿತು. ವರ್ಷಕ್ಕೆ 99 ರೂಪಾಯಿ ಕೊಟ್ಟು ‘ಪ್ರೈಮ್’ ಸದಸ್ಯರಾಗಿ, ಆಮೇಲೆ 28 ದಿನಕ್ಕೆ 303 ರೂಪಾಯಿಯಂಥ ರೀಚಾರ್ಜ್ ಮಾಡಿಸಿ ಎಂದಿತು ಕಂಪನಿ. 99 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಸೊನ್ನೆಯಿಂದ 99ಕ್ಕೆ ಏರಿದ ಗಿರಾಕಿ ‘ದುಡ್ಡು ಕೊಡುವ ಗಿರಾಕಿ’ ಆದ. ಆ ಹೊತ್ತಿಗೆ ಆ ನಂಬರು ಬ್ಯಾಂಕಿಗೆ, ಗ್ಯಾಸಿಗೆ, ನೆಂಟರಿಷ್ಟರಿಗೆಲ್ಲ ಹೋಗಿತ್ತು. ಅದೇ ವರ್ಷ ಬಂದ ಜಿಯೊಫೋನಿನಲ್ಲೂ ಇದೇ ಲೆಕ್ಕ. ಫೋನು ‘ಉಚಿತ’, ಆದರೆ 1,500 ರೂಪಾಯಿ ಠೇವಣಿ ಇಡಬೇಕು, ಮೂರು ವರ್ಷದ ನಂತರ ಫೋನು ಮರಳಿಸಿದರೆ ಹಣ ವಾಪಸ್. ಆ ಫೋನಿನಲ್ಲಿ ಓಡುತ್ತಿದ್ದುದು ಜಿಯೊ ಸಿಮ್ ಮಾತ್ರ.

2017ರ ಕೊನೆಯ ಮೂರು ತಿಂಗಳಲ್ಲಿ ಜಿಯೊ ಮೊದಲ ಬಾರಿಗೆ 504 ಕೋಟಿ ರೂಪಾಯಿ ಲಾಭ ತೋರಿಸಿತು. ಆಮೇಲಿನ ಬೆಲೆಯನ್ನು ಒಂದೇ ಪ್ಲಾನ್ ಹಿಡಿದು ನೋಡಿದರೆ ಚಿತ್ರ ಸ್ಪಷ್ಟ. 28 ದಿನ, ದಿನಕ್ಕೆ 1.5 ಜಿಬಿ ಕೊಡುವ ಪ್ಲಾನ್ ಇದು:

- 2018ರ ಜನವರಿ: 149 ರೂಪಾಯಿ
- 2019ರ ಡಿಸೆಂಬರ್: 199 ರೂಪಾಯಿ
- 2021ರ ಡಿಸೆಂಬರ್: 239 ರೂಪಾಯಿ
- 2024ರ ಜುಲೈ: 299 ರೂಪಾಯಿ

ಆರೂವರೆ ವರ್ಷದಲ್ಲಿ ಅದೇ ಡೇಟಾಗೆ ಬೆಲೆ ದುಪ್ಪಟ್ಟಾಯಿತು. ಇದನ್ನು ನೋಡಿ ‘ಪುಕ್ಕಟೆ ಕೊಟ್ಟು ಮೋಸ ಮಾಡಿದರು’ ಎನ್ನಬಹುದೇ? ಅದೂ ಪೂರ್ತಿ ಸರಿಯಲ್ಲ. 28 ದಿನಕ್ಕೆ ಒಟ್ಟು 42 ಜಿಬಿ. ಪೂರ್ತಿ ಬಳಸಿದರೆ 299 ರೂಪಾಯಿಯ ಪ್ಲಾನಿನಲ್ಲೂ 1 ಜಿಬಿಗೆ ಬೀಳುವುದು ಸುಮಾರು 7 ರೂಪಾಯಿ. 2016ಕ್ಕೆ ಮುಂಚಿನ ಬೆಲೆಗೆ ಹೋಲಿಸಿದರೆ ಇದು ಬಹಳ ಅಗ್ಗ. ಆದರೆ ದಿನಕ್ಕೆ ಅರ್ಧ ಜಿಬಿ ಸಾಕು ಎನ್ನುವ ಅಜ್ಜಿಗೆ, ಬರೀ ಮಾತಾಡಲು ಫೋನು ಇಟ್ಟುಕೊಂಡವರಿಗೆ ಜಿಬಿಯ ಬೆಲೆ ಮುಖ್ಯವಲ್ಲ. ಅವರಿಗೆ ಮುಖ್ಯ ತಿಂಗಳಿಗೆ ಕೊಡಲೇಬೇಕಾದ ಮೊತ್ತ, ಮತ್ತು ಏರಿರುವುದು ಅದು.

ಕಾನೂನು ಏನು ಹೇಳುತ್ತದೆ?

ಪುಕ್ಕಟೆ ಕೊಡುವುದು, ನಷ್ಟಕ್ಕೆ ಮಾರುವುದು ತಾನಾಗಿಯೇ ಅಪರಾಧವಲ್ಲ. 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ, ಮಾರುಕಟ್ಟೆಯಲ್ಲಿ ಮೊದಲೇ ಬಲಾಢ್ಯ ಸ್ಥಾನದಲ್ಲಿರುವ ಕಂಪನಿ ಎದುರಾಳಿಗಳನ್ನು ಮುಗಿಸಲೆಂದು ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿದರೆ ಮಾತ್ರ ತಪ್ಪು. ಏರ್‌ಟೆಲ್ ಕೊಟ್ಟ ದೂರನ್ನು ಭಾರತೀಯ ಸ್ಪರ್ಧಾ ಆಯೋಗ 2017ರ ಜೂನ್‌ನಲ್ಲಿ ವಜಾ ಮಾಡಿದ್ದು ಇದೇ ಕಾರಣಕ್ಕೆ. ಹೊಸದಾಗಿ ಬಂದ ಜಿಯೊ ಆಗ ಬಲಾಢ್ಯ ಕಂಪನಿಯಲ್ಲ ಎಂದು ಆಯೋಗ ಹೇಳಿತು. ಆದರೆ 2017ರ ಏಪ್ರಿಲ್‌ನಲ್ಲಿ ಇನ್ನೂ ಮೂರು ತಿಂಗಳು ಉಚಿತ ಕೊಡಲು ಹೊರಟ ‘ಸಮ್ಮರ್ ಸರ್ಪ್ರೈಸ್’ ಆಫರನ್ನು ಹಿಂದೆ ಪಡೆಯಿರಿ ಎಂದು ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಸೂಚಿಸಿತು, ಕಂಪನಿ ಹಿಂದೆ ಪಡೆಯಿತು.

ಅಷ್ಟರಲ್ಲಿ ಮಾರುಕಟ್ಟೆಯೇ ಬದಲಾಗಿತ್ತು. 2018ರ ಆರಂಭದಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಟಾಟಾ ಡೊಕೊಮೊ ಗ್ರಾಹಕರು ಏರ್‌ಟೆಲ್‌ಗೆ ಸೇರಿದರು. ಗಿರಾಕಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿ. ‘ಸೇರದಿದ್ದರೆ ಬೇರೆ ಕಡೆ ಹೋಗುತ್ತೇನೆ’ ಎನ್ನುವ ದಾರಿ ತೆರೆದಿರುವವರೆಗೂ ಪುಕ್ಕಟೆ ಆಫರಿನಿಂದ ನಮಗೆ ಅಪಾಯ ಕಡಿಮೆ. `PORT` ಎಂದು ಬರೆದು ನಂಬರಿನೊಂದಿಗೆ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಅದೇ ನಂಬರು ಇಟ್ಟುಕೊಂಡು ಕಂಪನಿ ಬದಲಿಸಬಹುದು. ಆದರೆ 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದರ ಹಿಂದೆ ಒಂದು ಬೆಲೆ ಏರಿಸಿದಾಗ, ಏರಿಸದೆ ಉಳಿದದ್ದು ಬಿಎಸ್‌ಎನ್‌ಎಲ್ ಮಾತ್ರ. ಅದರ ಸಿಗ್ನಲ್ ಚೆನ್ನಾಗಿರುವ ಊರಿನವರಿಗೆ ದಾರಿ ಇತ್ತು, ಉಳಿದವರಿಗೆ ಇರಲಿಲ್ಲ.

ಒಂದು ರೂಪಾಯಿ ಟ್ರಯಲ್: ಮರೆವಿನ ಮೇಲಿನ ವ್ಯಾಪಾರ

ಜಿಯೊ ಸಿಮ್‌ನಲ್ಲಿ ಪುಕ್ಕಟೆ ಅವಧಿ ಮುಗಿದಾಗ ರೀಚಾರ್ಜ್ ಮಾಡಿಸಬೇಕೋ ಬೇಡವೋ ಎಂದು ತೀರ್ಮಾನಿಸಿದ್ದು ನೀವು. ಸುಮ್ಮನಿದ್ದರೆ ಹಣ ಹೋಗುತ್ತಿರಲಿಲ್ಲ. ಈಗಿನ ಆ್ಯಪ್ ಟ್ರಯಲ್‌ಗಳಲ್ಲಿ ಇದು ತಲೆಕೆಳಗಾಗಿದೆ, ಸುಮ್ಮನಿದ್ದರೆ ಹಣ ಹೋಗುತ್ತದೆ.

ಇದು ನಡೆಯುವುದು ಹೀಗೆ. ಕಥೆ, ಜ್ಯೋತಿಷ್ಯ, ಸಿನಿಮಾ ಅಥವಾ ಇಂಗ್ಲಿಷ್ ಕಲಿಸುವ ಆ್ಯಪ್ ‘1 ರೂಪಾಯಿಗೆ 7 ದಿನ’ ಎನ್ನುತ್ತದೆ. ಒತ್ತಿದ ಕೂಡಲೇ ಫೋನ್‌ಪೇ, ಗೂಗಲ್ ಪೇ ಅಥವಾ ಪೇಟಿಎಂ ತೆರೆಯುತ್ತದೆ. ಪಿನ್ ಹಾಕಿದಾಗ ಹೋಗುವುದು ಒಂದೇ ರೂಪಾಯಿ. ಆದರೆ ಆ ಪಿನ್ ಎರಡು ಕೆಲಸ ಮಾಡಿರುತ್ತದೆ: 1 ರೂಪಾಯಿ ಪಾವತಿ, ಮತ್ತು ‘ಇನ್ನು ಮುಂದೆ ಪ್ರತಿ ತಿಂಗಳು ನೀವೇ ತೆಗೆದುಕೊಳ್ಳಿ’ ಎಂಬ ಅನುಮತಿ. ಇದಕ್ಕೆ ಯುಪಿಐ ಆಟೋಪೇ ಎನ್ನುತ್ತಾರೆ, 2020ರಲ್ಲಿ ಶುರುವಾದ ಸೌಲಭ್ಯ. ಕರೆಂಟ್ ಬಿಲ್ಲು, ವಿಮೆಯ ಕಂತು ಕಟ್ಟಲು ಬಹಳ ಅನುಕೂಲ. 15,000 ರೂಪಾಯಿವರೆಗಿನ ಸಾಮಾನ್ಯ ಕಂತುಗಳಿಗೆ ಪ್ರತಿ ತಿಂಗಳು ಮತ್ತೆ ಪಿನ್ ಕೇಳುವುದಿಲ್ಲ.

ಪಿನ್ ಹಾಕುವ ಮುಂಚಿನ ಪರದೆಯಲ್ಲೇ ಎಲ್ಲ ಬರೆದಿರುತ್ತದೆ: ಎಷ್ಟು ದಿನಕ್ಕೊಮ್ಮೆ, ಯಾವ ತಾರೀಖಿನಿಂದ, ಗರಿಷ್ಠ ಎಷ್ಟು. 1 ರೂಪಾಯಿ ಎಂದು ದೊಡ್ಡದಾಗಿ, `Up to ₹499` ಎಂದು ಸಣ್ಣದಾಗಿ ಇದ್ದರೆ ನೀವು ಒಪ್ಪುತ್ತಿರುವುದು 499ಕ್ಕೆ.

ಕಂಪನಿಯ ಲೆಕ್ಕವನ್ನೂ ಉದಾಹರಣೆಯಲ್ಲಿ ನೋಡೋಣ. ನೂರು ಜನ ಒಂದೊಂದು ರೂಪಾಯಿ ಕೊಟ್ಟರೆ ಬರುವುದು 100 ರೂಪಾಯಿ. ಅವರಲ್ಲಿ ಹತ್ತೇ ಜನ ರದ್ದು ಮಾಡಲು ಮರೆತು, ಮೂರು ತಿಂಗಳು 199 ರೂಪಾಯಿ ಕಟ್ ಆದರೆ 5,970 ರೂಪಾಯಿ. ಉಳಿದ ತೊಂಬತ್ತು ಜನರ ಟ್ರಯಲ್ಲಿನ ಖರ್ಚನ್ನು ಈ ಹತ್ತು ಜನರೇ ಕೊಟ್ಟಂತಾಯಿತು. ಇಷ್ಟಪಟ್ಟು ಉಳಿದವರ ಮೇಲೆ ಲೆಕ್ಕ ಹಾಕುವ ಕಂಪನಿ ಒಳ್ಳೆಯ ವ್ಯಾಪಾರ ಮಾಡುತ್ತಿದೆ. ಮರೆತವರ ಮೇಲೆಯೇ ಲೆಕ್ಕ ಹಾಕುವ ಕಂಪನಿ ಬೇರೆ. ಗುರುತಿಸುವುದು ಕಷ್ಟವಲ್ಲ: ಸೇರಲು ಒಂದು ಬಟನ್, ಬಿಡಲು ಹತ್ತು ಪುಟ ಇದ್ದರೆ ಅದು ಎರಡನೆಯ ಬಗೆ.

ಆ್ಯಪ್ ಡಿಲೀಟ್ ಮಾಡಿದರೆ ಹಣ ಕಟ್ ಆಗುವುದು ನಿಲ್ಲುತ್ತದೆಯೇ?

ಇಲ್ಲ. ತುಂಬ ಜನ ಹಣ ಕಳೆದುಕೊಳ್ಳುವುದು ಈ ತಪ್ಪು ತಿಳಿವಳಿಕೆಯಿಂದಲೇ. ನೀವು ಅನುಮತಿ ಕೊಟ್ಟಿರುವುದು ಬ್ಯಾಂಕ್ ಖಾತೆಯಿಂದ ಹಣ ತೆಗೆಯಲು. ಫೋನಿನಿಂದ ಆ್ಯಪ್ ಹೋದರೂ ಆ ಅನುಮತಿ ಹಾಗೇ ಇರುತ್ತದೆ. ಫೋನು ಬದಲಿಸಿದರೂ ಅಷ್ಟೇ.

ನಿಲ್ಲಿಸುವ ಕ್ರಮ ಇದು. ಯುಪಿಐ ಆ್ಯಪ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, `Autopay` ಎಂಬ ಸಾಲು ಹುಡುಕಿ. ಚಾಲ್ತಿಯಲ್ಲಿರುವ ಅನುಮತಿಗಳ ಪಟ್ಟಿ ಕಾಣುತ್ತದೆ. ಬೇಡದ್ದನ್ನು ತೆರೆದು ರದ್ದು ಮಾಡಿ ಪಿನ್ ಹಾಕಿ. ಎರಡು ಮೂರು ಯುಪಿಐ ಆ್ಯಪ್ ಇದ್ದರೆ ಎಲ್ಲದರಲ್ಲೂ ನೋಡಿ. ಪ್ಲೇ ಸ್ಟೋರ್ ಮೂಲಕ ಸೇರಿದ್ದರೆ ಅಲ್ಲಿ ಪ್ರೊಫೈಲ್ ಒತ್ತಿ `Payments & subscriptions`, ಅದರೊಳಗೆ `Subscriptions` ತೆರೆದು ರದ್ದು ಮಾಡಿ.

ನಿಯಮದ ಬೆಂಬಲವೂ ನಿಮಗಿದೆ. ಇಂಥ ಕಂತು ತೆಗೆಯುವ ಕನಿಷ್ಠ 24 ಗಂಟೆ ಮುಂಚೆ ಗ್ರಾಹಕರಿಗೆ ಸೂಚನೆ ಕಳಿಸಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಜಾಹೀರಾತು ಎಂದುಕೊಂಡು ನಾವು ಓದದೆ ಬಿಡುವ ಎಸ್‌ಎಂಎಸ್‌ಗಳಲ್ಲಿ ಅದೂ ಒಂದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ಸಿಕ್ಕಿಸುವ 13 ಬಗೆಯ ತಂತ್ರಗಳ ಪಟ್ಟಿ ಇದೆ. ಅದರಲ್ಲಿ ‘ಚಂದಾ ಬಲೆ’ ಒಂದು. ರದ್ದು ಮಾಡುವ ಬಟನ್ ಬಚ್ಚಿಡುವುದು, ರದ್ದತಿಯನ್ನು ಉದ್ದ ಮಾಡುವುದು ಅದರಲ್ಲಿ ಸೇರಿದೆ. ಅಷ್ಟೇ ಅಲ್ಲ, ಉಚಿತ ಚಂದಾ ಕೊಡಲು ಆಟೋಪೇ ಅನುಮತಿಯನ್ನು ಬಲವಂತವಾಗಿ ಕೇಳುವುದೂ ಸೇರಿದೆ. ರದ್ದು ಮಾಡಲು ಬಿಡದೆ ಹಣ ತೆಗೆದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಹಣ ಕಟ್ ಆದ ಎಸ್‌ಎಂಎಸ್ ಮತ್ತು ಆ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ.

‘ಹತ್ತು ಗ್ರೂಪಿಗೆ ಕಳಿಸಿದರೆ ಉಚಿತ ರೀಚಾರ್ಜ್’ ಇದರಲ್ಲಿ ಯಾವುದು?

ಯಾವುದೂ ಅಲ್ಲ. ನಿಜವಾದ ಪುಕ್ಕಟೆ ಆಫರಿನಲ್ಲಿ ಕೊಡುವವರು ಯಾರು, ಅವರಿಗೆ ಮುಂದೆ ಎಲ್ಲಿಂದ ಹಣ ಬರುತ್ತದೆ ಎಂದು ತೋರಿಸಬಹುದು. ಮಾರ್ಟಿಗೆ ಉಳಿದ ಸಾಮಾನಿನಿಂದ, ಸಿಮ್ ಕಂಪನಿಗೆ ಮುಂದಿನ ರೀಚಾರ್ಜಿನಿಂದ, ಆ್ಯಪ್‌ಗೆ ಮುಂದಿನ ಕಂತಿನಿಂದ. ಫಾರ್ವರ್ಡ್ ಲಿಂಕಿನಲ್ಲಿ ಇಂಥ ದಾರಿಯೇ ಕಾಣುವುದಿಲ್ಲ. ಮೊಬೈಲ್ ಕಂಪನಿಗೆ ಆಫರ್ ಕೊಡಬೇಕಿದ್ದರೆ ಅದು ತನ್ನದೇ ಆ್ಯಪ್‌ನಲ್ಲಿ, ತನ್ನದೇ ವೆಬ್‌ಸೈಟಿನಲ್ಲಿ ಹಾಕುತ್ತದೆ, ಗ್ರೂಪುಗಳಿಗೆ ಕಳಿಸಲು ನಿಮ್ಮನ್ನು ಬೇಡುವುದಿಲ್ಲ. ಲಿಂಕು ಒತ್ತಿದ ಮೇಲೆ ಒಟಿಪಿ ಕೇಳಿದರೆ, ‘ಹಣ ಪಡೆಯಲು ಪಿನ್ ಹಾಕಿ’ ಎಂದರೆ ಅಲ್ಲಿಗೇ ನಿಲ್ಲಿಸಿ. ಯುಪಿಐನಲ್ಲಿ ಹಣ ಬರಲು ಪಿನ್ ಬೇಕಾಗುವುದೇ ಇಲ್ಲ, ಹೋಗಲು ಮಾತ್ರ ಬೇಕು.

ಒಟ್ಟಿನಲ್ಲಿ

‘ಪುಕ್ಕಟೆ ಅಂದರೆ ಮಾರುವವರಿಗೆ ನಷ್ಟ’ ಎಂಬುದು ತಪ್ಪು. ನಷ್ಟ ಆ ಒಂದು ಸರಕಿನಲ್ಲಿ, ಆ ಒಂದು ತಿಂಗಳಲ್ಲಿ ಮಾತ್ರ. ‘ಪುಕ್ಕಟೆ ಎಲ್ಲವೂ ಮೋಸ’ ಎಂಬುದೂ ತಪ್ಪು. ಚೀಟಿ ಹಿಡಿದು ಹೋಗಿ ಅಗ್ಗದ ಸಕ್ಕರೆ ತಂದವರು, ಟ್ರಯಲ್ ಮುಗಿಯುವ ಮುಂಚೆ ಆಟೋಪೇ ರದ್ದು ಮಾಡಿದವರು ನಿಜವಾಗಿಯೂ ಲಾಭ ಮಾಡಿಕೊಂಡಿರುತ್ತಾರೆ. ಮನೆಯಲ್ಲಿ ಅಪ್ಪ, ಅವ್ವ, ಅಜ್ಜ ಫೋನ್‌ಪೇ ಬಳಸುತ್ತಿದ್ದರೆ, ಇದನ್ನು ಅವರಿಗೆ ಫಾರ್ವರ್ಡ್ ಮಾಡುವ ಮೊದಲು ಅವರ ಫೋನಿನ `Autopay` ಪಟ್ಟಿಯನ್ನು ಒಮ್ಮೆ ತೆರೆದು ನೋಡಿ.